ಆರಂಕಿಯ ಎರಡು ಬೀಗ

ಶಿರಸಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಅಕ್ಕೋರ ಮನೆ. ಪ್ರಾಥಮಿಕ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು. ಈಗ ನಿವೃತ್ತರು, ಒಬ್ಬರೇ ಇರುತ್ತಾರೆ. ಮಗ, ಸೊಸೆ, ಮೊಮ್ಮಗಳು ನ್ಯೂಜೆರ್ಸಿಯಲ್ಲಿ. ಜುಲೈ ತಿಂಗಳ ಒಂದು ಭಾನುವಾರ ಮೊಮ್ಮಗಳಿಗೆ ಆರು ತುಂಬುವುದಿತ್ತು. ಅಲ್ಲಿಯ ಬೆಳಿಗ್ಗೆ ಎಂಟು ಗಂಟೆಗೆ, ಅಂದರೆ ಇಲ್ಲಿಯ ಸಂಜೆ ಐದೂವರೆಗೆ ವೀಡಿಯೊ ಕಾಲ್ ಎಂದು ತಿಂಗಳ ಮೊದಲೇ ನಿಕ್ಕಿಯಾಗಿತ್ತು. ಅದಕ್ಕೆ ಮೂರು ದಿನ ಮುಂಚೆ, ಗುರುವಾರ, ಅವರ ವಾಟ್ಸಾಪ್ ಮುಚ್ಚಿಕೊಂಡಿತು.

ನಾನು ಅಲ್ಲಿಗೆ ಹೋದದ್ದು ಶುಕ್ರವಾರ ಬೆಳಿಗ್ಗೆ. ಕೇರಿಯ ಹಿರಿಯರ ಫೋನಿಗೆ ಏನೇ ಆದರೂ ನನಗೇ ಕರೆ ಬರುತ್ತದೆ. ಅಕ್ಕೋರು ಎರಡು ಫೋನ್, ಒಂದು ಅಂಗಡಿ ಬಿಲ್ಲು, ಕನ್ನಡಕದ ಪೆಟ್ಟಿಗೆ ಎಲ್ಲವನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದರು.

"ಎಂತ ಮಾಡಿದರೂ ತಪ್ಪು ಅಂತಿದೆ ಮಾರಾಯಾ. ಸರಿಯಾದ ನಂಬರನ್ನೇ ಹಾಕ್ತಾ ಇದ್ದೇನೆ, ಇಲ್ಲಿ ಬರೆದದ್ದೂ ಇದೆ," ಅಂತ ಬಿಲ್ಲು ತಿರುಗಿಸಿ ತೋರಿಸಿದರು. ಅದರ ಹಿಂದೆ ಬಾಲ್‌ಪೆನ್ನಿನಲ್ಲಿ ಅವಸರವಾಗಿ ಗೀಚಿದ ಆರು ಅಂಕಿಗಳಿದ್ದವು.

ಇಂಥ ಹೊತ್ತಿನಲ್ಲಿ ಫೋನನ್ನು ಕೈಗೆತ್ತಿಕೊಂಡು ಒತ್ತತೊಡಗುವುದು ಎಲ್ಲರಿಗೂ ಬರುವ ಆಸೆ. ಮೊದಲು ಹಿಂದಿನ ದಿನ ಏನೇನಾಯಿತು ಎಂದು ಸರದಿಯಲ್ಲಿ ಕೇಳಿಕೊಳ್ಳುವುದು ಮೇಲು. ಅಕ್ಕೋರು ಹಾಜರಿ ಪುಸ್ತಕ ಓದಿದ ಹಾಗೆ ಒಂದೊಂದಾಗಿ ಹೇಳಿದರು.

ಮಗ ಆನ್‌ಲೈನಿನಲ್ಲಿ ಕಳಿಸಿದ ಹೊಸ ಫೋನ್ ಬುಧವಾರ ಬಂದಿತ್ತು. ಗುರುವಾರ ಬೆಳಿಗ್ಗೆ ಪೇಟೆಗೆ ಒಯ್ದಾಗ ಅಂಗಡಿಯವರು ಸಿಮ್ ಹಳೆಯದಾಗಿದೆ, ಹೊಸದು ಹಾಕಿಸಿಕೊಳ್ಳಿ ಅಂದರು. ಆಧಾರ್ ಕೊಟ್ಟು, ಬೆರಳೊತ್ತಿ, ಅದೇ ನಂಬರಿನ ಹೊಸ ಸಿಮ್ ಪಡೆದದ್ದಾಯಿತು. ಹನ್ನೊಂದರ ಹೊತ್ತಿಗೆ ಹಳೆ ಸಿಮ್ ಸತ್ತು ಹೊಸದು ಜೀವ ಪಡೆಯಿತು. ಹೊಸ ಫೋನಿಗೆ ಒಂದು ಜಿಮೇಲ್ ಬೇಕಲ್ಲ, ಹಳೆಯದರ ಪಾಸ್‌ವರ್ಡ್ ನೆನಪಿಲ್ಲ ಅಂದದ್ದಕ್ಕೆ ಅಂಗಡಿಯ ಹುಡುಗ ಹೊಸ ಜಿಮೇಲನ್ನೇ ಮಾಡಿಕೊಟ್ಟ. ಆಮೇಲೆ ವಾಟ್ಸಾಪ್ ಹಾಕಿದ. ಓಟಿಪಿ ಬರಲಿಲ್ಲ. ಮತ್ತೆ ಕಳಿಸು ಅಂತ ಒತ್ತಿದ, ಆಗಲೂ ಬರಲಿಲ್ಲ. ಒತ್ತಿದ ಹಾಗೆಲ್ಲ ಕಾಯುವ ಹೊತ್ತು ಉದ್ದವಾಯಿತು. ಕೊನೆಗೆ `Call me` ಒತ್ತಿದಾಗ ಫೋನ್ ರಿಂಗಾಯಿತು, ಯಂತ್ರದ ದನಿಯೊಂದು ಆರು ಅಂಕಿ ಹೇಳಿತು. ಹುಡುಗ ಅದನ್ನು ಬಿಲ್ಲಿನ ಹಿಂದೆ ಬರೆದುಕೊಂಡು ಫೋನಿಗೆ ಹಾಕಿದ, ಅದು ಒಪ್ಪಿತು. ತಕ್ಷಣ ಇನ್ನೊಂದು ಪರದೆ ಬಂತು, ಅದೂ ಆರು ಅಂಕಿ ಕೇಳಿತು. ಅಂಗಡಿಯಲ್ಲಿ ಗಿರಾಕಿಗಳ ಸಾಲು. "ಮನೆಗೆ ಹೋಗಿ ಪಿನ್ ಹಾಕಿಕೊಳ್ಳಿ ಅಮ್ಮ" ಅಂದು ಕಳಿಸಿದ.

ಅಕ್ಕೋರು ಮನೆಗೆ ಬಂದು ಬಿಲ್ಲಿನ ಹಿಂದಿದ್ದ ಅಂಕಿಗಳನ್ನೇ ಹಾಕಿದರು. ತಪ್ಪು ಅಂತು. ಇನ್ನೊಮ್ಮೆ ನಿಧಾನಕ್ಕೆ ಹಾಕಿದರು. ರಾತ್ರಿಯ ಹೊತ್ತಿಗೆ ಆ ಪರದೆಯೂ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎನ್ನತೊಡಗಿತ್ತು.

ಗೊಂದಲದ ಬೇರು ಇಲ್ಲಿಯೇ ಇತ್ತು. ವಾಟ್ಸಾಪ್ ಹೊಸ ಫೋನಿನಲ್ಲಿ ತೆರೆಯುವಾಗ ಎರಡು ಬೀಗ ದಾಟಬೇಕಾಗಬಹುದು, ಎರಡಕ್ಕೂ ಆರಾರು ಅಂಕಿ. ಮೊದಲನೆಯದು ಎಸ್ಸೆಮ್ಮೆಸ್‌ನಲ್ಲೋ ಕರೆಯಲ್ಲೋ ಬರುವ ಕೋಡ್. ನಂಬರು ನಿಮ್ಮ ಕೈಯಲ್ಲಿದೆ ಎಂಬುದಕ್ಕೆ ಅದು ಸಾಕ್ಷಿ, ಒಂದು ಸಲಕ್ಕೆ ಮಾತ್ರ ನಡೆಯುತ್ತದೆ. ಎರಡನೆಯದು ಯಾರೂ ಕಳಿಸುವುದಿಲ್ಲ. ಹಿಂದೆಂದೋ ನೀವೇ ಇಟ್ಟುಕೊಂಡ ಪಿನ್ ಅದು, `Two-step verification` ಅನ್ನುವುದು ಅದನ್ನೇ. ನೋಡಲು ಎರಡು ಪರದೆಯೂ ಅಕ್ಕತಂಗಿಯರ ಹಾಗೆ. ಗುರುತು ಹಿಡಿಯಬೇಕಾದರೆ ಕೆಳಗೆ ನೋಡಬೇಕು: ಪಿನ್ ಪರದೆಯಲ್ಲಿ `Forgot PIN?` ಎಂದಿರುತ್ತದೆ, ಕೋಡ್ ಪರದೆಯಲ್ಲಿ ಮತ್ತೆ ಕಳಿಸುವ, ಕರೆ ಮಾಡಿಸುವ ಆಯ್ಕೆಗಳಿರುತ್ತವೆ. ಅಕ್ಕೋರು ಎರಡನೆಯ ಬೀಗಕ್ಕೆ ಮೊದಲನೆಯದರ ಕೀಲಿ ಹಾಕುತ್ತಿದ್ದರು. ಅವರನ್ನು ದೂರುವಂತಿಲ್ಲ, ಪರದೆಯ ಮೇಲೆ ಕಾಣುವುದು ಅದೇ ಆರು ಖಾಲಿ ಜಾಗ.

"ಈ ಪಿನ್ ನಾನು ಇಟ್ಟದ್ದೇ ಅಲ್ಲ," ಅಂದರು. ನಡುವೆ ಸ್ವಲ್ಪ ಮೌನ. ಆಮೇಲೆ ನೆನಪಾಯಿತು: ನಿವೃತ್ತ ಶಿಕ್ಷಕರ ಗ್ರೂಪಿನಲ್ಲಿ ಯಾರದೋ ವಾಟ್ಸಾಪ್ ಕಳ್ಳರ ಪಾಲಾದಾಗ, ಎಲ್ಲರೂ ಪಿನ್ ಇಟ್ಟುಕೊಳ್ಳಿ ಎಂದು ಸೂಚನೆ ಬಂದಿತ್ತು. ರಜೆಗೆ ಬಂದಿದ್ದ ತಂಗಿಯ ಮಗಳು ಕೂತು ಇಟ್ಟುಕೊಟ್ಟಿದ್ದಳು. ಅವಳಿಗೆ ಫೋನ್ ಮಾಡಿ ಕೇಳಿದೆವು. "ದೊಡ್ಡಮ್ಮಾ, ನೀವೇ ಹೇಳಿದ ನಂಬರು ಹಾಕಿದ್ದೆ, ನನಗೆ ಹೇಗೆ ನೆನಪಿರ್ತದೆ?" ಎಂಬ ಉತ್ತರ ಬಂತು. ಇಮೇಲ್ ಕೊಟ್ಟಿದ್ದೆಯಾ ಎಂದು ಕೇಳಿದೆ. ಅದನ್ನು `Skip` ಮಾಡಿದ್ದೆ ಅಂದಳು. ಪಿನ್ ಇಡುವಾಗ ಒಂದು ಇಮೇಲ್ ಕೊಟ್ಟಿದ್ದರೆ, ಮರೆತಾಗ ಅದಕ್ಕೆ ಒಂದು ಲಿಂಕ್ ಬಂದು ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಇಮೇಲ್ ಇಲ್ಲದವರು ಪಿನ್ ಬದಲಿಸಬೇಕಾದರೆ ಏಳು ದಿನ ಕಾಯಬೇಕು. ಎಷ್ಟು ಹೊತ್ತು ಉಳಿದಿದೆ ಎಂದು ಪರದೆಯೇ ತೋರಿಸುತ್ತದೆ. ನಮಗೆ ಅದು ಮುಂದಿನ ಗುರುವಾರ ಎಂದು ತೋರಿಸಿತು. ಹುಟ್ಟುಹಬ್ಬ ಭಾನುವಾರ.

ಈ ಏಳು ದಿನಕ್ಕೆ ಒಳದಾರಿ ಇಲ್ಲ. ಆ್ಯಪ್ ತೆಗೆದು ಮತ್ತೆ ಹಾಕಿದರೂ, ಬೇರೆ ಫೋನಿಗೆ ಹಾಕಿದರೂ ಕಾಯಬೇಕಾದದ್ದು ತಪ್ಪದು. ಪಿನ್ ಊಹಿಸುತ್ತಾ ಕೂತರೆ ಪ್ರತಿ ತಪ್ಪಿಗೂ ಅಡ್ಡಿ ಬೆಳೆಯುತ್ತದೆ. ಅಕ್ಕೋರು ತಮ್ಮ ಮದುವೆ ದಿನಾಂಕ, ಸೇವೆಗೆ ಸೇರಿದ ದಿನಾಂಕ ಎಂದು ಪಟ್ಟಿ ಮಾಡಲು ಹೊರಟಿದ್ದರು, ನಾನೇ ತಡೆದೆ. ನಿಯಮ ಕಟುವಾಗಿ ಕಂಡರೂ ಅದು ಇರುವುದು ಇಂಥವರಿಗಾಗಿಯೇ. ಅವರ ನಂಬರಿನ ಸಿಮ್ ಯಾರೋ ಮೋಸದಿಂದ ಪಡೆದಿದ್ದರೆ ಆ ಕಳ್ಳನೂ ಇದೇ ಪರದೆಯ ಮುಂದೆ ಏಳು ದಿನ ನಿಲ್ಲುತ್ತಿದ್ದ, ಅಷ್ಟರಲ್ಲಿ ನಿಜವಾದ ಮಾಲೀಕರಿಗೆ ಎಚ್ಚರವಾಗುತ್ತಿತ್ತು.

ಓಟಿಪಿ ಎಸ್ಸೆಮ್ಮೆಸ್ ಬಾರದಿದ್ದುದಕ್ಕೂ ಇಂಥದೇ ಕಾರಣ. ನಮ್ಮ ದೇಶದಲ್ಲಿ ಸಿಮ್ ಬದಲಾದರೆ ಮೊದಲ 24 ಗಂಟೆ ಆ ನಂಬರಿಗೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಅದರಿಂದ ಹೋಗುವುದೂ ಇಲ್ಲ. ದೂರಸಂಪರ್ಕ ಇಲಾಖೆ ಹಾಕಿದ ಕಟ್ಟು ಇದು. ನಕಲಿ ಸಿಮ್ ಪಡೆದವರು ಬ್ಯಾಂಕಿನ ಓಟಿಪಿ ಕದಿಯದಿರಲಿ ಎಂದು ಮಾಡಿದ್ದು. ಕರೆಗೆ ಮಾತ್ರ ಆ ತಡೆ ಇಲ್ಲ, ಅದಕ್ಕೇ `Call me` ಕೆಲಸ ಮಾಡಿತು. ಸಿಮ್ ಬದಲಿಸಿದ ದಿನ ಬ್ಯಾಂಕಿನ ಕೆಲಸ ಇಟ್ಟುಕೊಳ್ಳಬಾರದು ಎನ್ನುವುದೂ ಇದೇ ಕಾರಣಕ್ಕೆ. ಅಂಗಡಿಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಒಂದು ವಿಷಯ ನನಗೆ ಹೊಟ್ಟೆ ಉರಿಸಿತು. ಗುರುವಾರ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಹಳೆ ಫೋನಿನಲ್ಲಿ ವಾಟ್ಸಾಪ್ ಚೆನ್ನಾಗಿಯೇ ನಡೆಯುತ್ತಿತ್ತು. ಸಿಮ್ ತೆಗೆದ ಮೇಲೂ ಮನೆಯ ವೈಫೈಯಲ್ಲಿ ನಡೆಯುತ್ತಲೇ ಇರುತ್ತಿತ್ತು. ಅಲ್ಲಿ ಸೆಟ್ಟಿಂಗ್ಸ್, ಅಕೌಂಟ್, ಟೂ-ಸ್ಟೆಪ್ ವೆರಿಫಿಕೇಶನ್‌ಗೆ ಹೋದರೆ ಹಳೆಯ ಪಿನ್ ಗೊತ್ತಿಲ್ಲದೆಯೂ ಅದನ್ನು ಬದಲಿಸಬಹುದಿತ್ತು. ಆದರೆ ಹೊಸ ಫೋನಿನಲ್ಲಿ ಮೊದಲನೆಯ ಕೋಡ್ ಒಪ್ಪಿದ ಕ್ಷಣಕ್ಕೆ ಹಳೆ ಫೋನಿನಿಂದ ಖಾತೆ ಹೊರಬೀಳುತ್ತದೆ, ಪಿನ್ ಹಾಕಿದಿರೋ ಇಲ್ಲವೋ ಅದು ನೋಡುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಆ ಆರು ಅಂಕಿ ಹಾಕಿದ್ದೇ ತಡ, ಅಕ್ಕೋರಿಗೆ ಹಳೆ ಮನೆಯೂ ಹೋಯಿತು, ಹೊಸ ಮನೆಯ ಬಾಗಿಲೂ ತೆರೆಯಲಿಲ್ಲ. ಹೊಸ ಫೋನಿಗೆ ಹೋಗುವವರು ಹಳೆಯದರಲ್ಲಿ ಪಿನ್ ನೋಡಿಕೊಂಡೇ ಹೊರಡಬೇಕು ಎಂದು ನಾನು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ನಾನು ಹೋಗುವ ಮುಂಚೆ ಇನ್ನೊಂದು ಸಂಗತಿ ನಡೆದಿತ್ತು. ಪಕ್ಕದ ಮನೆಯ ಕಾಲೇಜು ಹುಡುಗ ಸಹಾಯ ಮಾಡುವೆನೆಂದು ವಾಟ್ಸಾಪ್ ಕಸ್ಟಮರ್ ಕೇರ್ ನಂಬರ್ ಎಂದು ಗೂಗಲ್‌ನಲ್ಲಿ ಹುಡುಕಿ, ಸಿಕ್ಕ ನಂಬರಿಗೆ ಅಕ್ಕೋರ ಫೋನಿನಿಂದಲೇ ಕರೆ ಮಾಡಿದ್ದ. ಹಿಂದಿ ಬೆರೆತ ಇಂಗ್ಲಿಷಿನಲ್ಲಿ ಒಬ್ಬಾತ ಬಹಳ ಮರ್ಯಾದೆಯಿಂದ ಮಾತಾಡಿದ. ಒಂದು ಆ್ಯಪ್ ಹಾಕಿಕೊಳ್ಳಿ, ಅದರ ನಂಬರು ಹೇಳಿ, ಹತ್ತು ರೂಪಾಯಿ ಕಟ್ಟಿ, ಐದು ನಿಮಿಷದಲ್ಲಿ ಖಾತೆ ತೆರೆಯುತ್ತದೆ ಅಂದ. ಅಕ್ಕೋರು ಕೇಳಿದ್ದು ಒಂದೇ ಪ್ರಶ್ನೆ: "ಖಾತೆ ನಿಮ್ಮಲ್ಲೇ ಇದೆ ಅಂದಮೇಲೆ ನನ್ನ ಹೆಸರು ಹೇಳಿ ನೋಡುವ." ಆತ ತಡವರಿಸಿದ. "ಪಾಠ ಓದದೆ ಬಂದವನ ಹಾಗೆ ಮಾಡಿದ, ಇಟ್ಟುಬಿಟ್ಟೆ," ಅಂದರು. ವಾಟ್ಸಾಪ್‌ಗೆ ಫೋನ್ ಮಾಡಿ ಮಾತಾಡುವ ಸಹಾಯವಾಣಿಯೇ ಇಲ್ಲ. ಹುಡುಕಿದಾಗ ಸಿಗುವ ನಂಬರುಗಳು ಮೋಸಗಾರರವು. ಆತ ಹಾಕಿಸಲು ಹೊರಟಿದ್ದ ಆ್ಯಪ್ ಪರದೆಯನ್ನು ಅವನಿಗೆ ತೋರಿಸುವಂಥದ್ದು. ಆಮೇಲೆ ಹತ್ತು ರೂಪಾಯಿ ಕಟ್ಟುವಾಗ ಒತ್ತಿದ ಯುಪಿಐ ಪಿನ್ ಸಹ ಅವನ ಕಣ್ಣಿಗೆ ಬೀಳಬಹುದಿತ್ತು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕಿತ್ತು. ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಆ ನಂಬರನ್ನು ಬ್ಲಾಕ್ ಮಾಡಿದೆವು.

ಇಷ್ಟಾದ ಮೇಲೆ ಖಾತೆಯ ಚಿಂತೆ ಗುರುವಾರಕ್ಕೆ ಬಿಟ್ಟು, ಕರೆಯ ಚಿಂತೆ ಹಿಡಿದೆವು. ಜನ ಸಾಮಾನ್ಯವಾಗಿ ಇವೆರಡನ್ನೂ ಒಂದೇ ಎಂದುಕೊಂಡು ಒದ್ದಾಡುತ್ತಾರೆ. ಅಕ್ಕೋರಿಗೆ ಬೇಕಿದ್ದದ್ದು ಮೊಮ್ಮಗಳ ಮುಖ, ಅದಕ್ಕೆ ವಾಟ್ಸಾಪೇ ಆಗಬೇಕೆಂದೇನಿಲ್ಲ.

ನನ್ನ ಫೋನಿನಿಂದ ಮಾಡಿಬಿಡೋಣ ಎಂದು ಸುಲಭದ ದಾರಿ ಹೇಳಿದೆ. ಅವರು ಒಪ್ಪಲಿಲ್ಲ. "ನೀನು ಪಕ್ಕದಲ್ಲಿ ಕೂತರೆ ನಾನು ಏನು ಮಾತಾಡಲಿ? ನಿನ್ನ ಫೋನ್ ಬಂದರೆ ಎದ್ದು ಹೋಗ್ತೀಯ. ನನ್ನದರಲ್ಲೇ ಆಗೋ ಹಾಗೆ ಮಾಡು ತಮ್ಮಾ." ಸರಿಯಾದ ಮಾತು. ನನ್ನ ಫೋನನ್ನು ಕೈಮೀರಿದಾಗಿನ ಉಪಾಯವಾಗಿ ಇಟ್ಟುಕೊಂಡೆವು.

ಮಗನ ನಂಬರು ಹೊಸ ಫೋನಿನಲ್ಲಿ ಇರಲಿಲ್ಲ, ಎಲ್ಲರ ನಂಬರೂ ಹಳೆ ಜಿಮೇಲಿನಲ್ಲೇ ಉಳಿದಿದ್ದವು. ಹಳೆ ಫೋನಿನಿಂದ ಬರೆದುಕೊಂಡು ನನ್ನ ವಾಟ್ಸಾಪಿನಿಂದ ಅವನಿಗೆ ವಿಷಯ ತಿಳಿಸಿದೆ. ಗುರುವಾರದಿಂದ ಅಮ್ಮನಿಗೆ ಕಳಿಸಿದ ಸಂದೇಶಗಳೆಲ್ಲ ಒಂದೇ ಟಿಕ್ಕಿನಲ್ಲಿ ನಿಂತಿದ್ದು ನೋಡಿ ಅವನೂ ಗಾಬರಿಯಾಗಿದ್ದ. ಮನೆಯಲ್ಲಿ ಐಫೋನ್ ಇದೆಯೇ ಎಂದು ಕೇಳಿದೆ. ಹೆಂಡತಿಯ ಹತ್ತಿರ ಇದೆ ಅಂದ.

ಫೇಸ್‌ಟೈಮ್ ಐಫೋನಿನವರಿಗೆ ಮಾತ್ರ ಎಂದು ತುಂಬ ಜನ ಇನ್ನೂ ನಂಬಿದ್ದಾರೆ. 2021ರಲ್ಲಿ ಬಂದ ಐಓಎಸ್ 15ರಿಂದ ಐಫೋನಿನವರು ಒಂದು ಲಿಂಕ್ ಮಾಡಿ ಕಳಿಸಬಹುದು. ಆಂಡ್ರಾಯ್ಡಿನವರು ಅದನ್ನು ಕ್ರೋಮ್ ಬ್ರೌಸರಿನಲ್ಲೇ ತೆರೆಯಬಹುದು. ಖಾತೆ ಬೇಡ, ಆ್ಯಪ್ ಬೇಡ, ಓಟಿಪಿ ಬೇಡ. ಹೆಸರು ಬರೆದು ಸೇರಿಕೊಂಡರೆ ಆಯಿತು. ಕರೆ ಶುರು ಮಾಡುವುದು ಮಾತ್ರ ಐಫೋನಿನವರ ಕೈಯಲ್ಲೇ, ಸೇರಲು ಕೇಳಿದವರನ್ನು ಅವರೇ ಒಳಗೆ ಬಿಟ್ಟುಕೊಳ್ಳಬೇಕು. ಝೂಮ್ ಕೂಡ ಖಾತೆಯಿಲ್ಲದವರನ್ನು ಲಿಂಕಿನಿಂದ ಸೇರಿಸಿಕೊಳ್ಳುತ್ತದೆ. ಉಚಿತದ್ದಕ್ಕೆ 40 ನಿಮಿಷದ ಮಿತಿ. ಅಜ್ಜಿ ಮೊಮ್ಮಗಳ ಮಾತು ನಲವತ್ತು ನಿಮಿಷಕ್ಕೆ ನಿಲ್ಲುವುದೆಂಬ ನಂಬಿಕೆ ನನಗಿರಲಿಲ್ಲ. ಫೇಸ್‌ಟೈಮ್ ಲಿಂಕೇ ಇರಲಿ ಎಂದು ತೀರ್ಮಾನವಾಯಿತು. ಸೊಸೆ ಲಿಂಕನ್ನು ಅಂಗಡಿ ಹುಡುಗ ಮಾಡಿಕೊಟ್ಟ ಹೊಸ ಜಿಮೇಲಿಗೆ ಕಳಿಸಿದಳು. ಆ ಹೊಸ ವಿಳಾಸದಲ್ಲಿ ಅಕ್ಕೋರು ತೆರೆದ ಮೊದಲ ಮೇಲ್ ಅದೇ.

ಶನಿವಾರ ಸಂಜೆ ಒಂದು ತಾಲೀಮು ಮಾಡಿದೆವು. ಇದನ್ನು ಬಿಟ್ಟಿದ್ದರೆ ಭಾನುವಾರ ಖಂಡಿತ ಕೆಡುತ್ತಿತ್ತು. ಅಕ್ಕೋರು ಲಿಂಕ್ ಒತ್ತಿದರು, ಹೆಸರಿನ ಜಾಗದಲ್ಲಿ ಅಜ್ಜಿ ಎಂದು ಬರೆದರು. ಕ್ಯಾಮೆರಾ, ಮೈಕ್ ಬಳಸಲು ಬಿಡುತ್ತೀರಾ ಎಂದು ಕ್ರೋಮ್ ಕೇಳಿತು. ಅವರ ಬೆರಳು ನೇರವಾಗಿ `Block` ಮೇಲೆ ಹೋಯಿತು. "ಯಾವುದಕ್ಕೂ ಅಲೋ ಕೊಡಬೇಡಿ ಅಂತ ನೀನೇ ಅಲ್ಲವೋ ಹೇಳಿದ್ದು?" ಹೌದು, ನಾನೇ ಹೇಳಿದ್ದೆ. ಒಮ್ಮೆ ಬೇಡ ಅಂದರೆ ಕ್ರೋಮ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಲಿಂಕ್ ಮತ್ತೆ ತೆರೆದರೂ ಆ ಪ್ರಶ್ನೆ ಬರಲಿಲ್ಲ. ಅತ್ತ ಸೊಸೆಗೆ ಕಪ್ಪು ಚೌಕ ಕಾಣುತ್ತಿತ್ತು, ದನಿಯೂ ಇಲ್ಲ. ಮೇಲೆ ವಿಳಾಸದ ಎಡಕ್ಕಿರುವ ಚಿಹ್ನೆ ಒತ್ತಿ, `Permissions` ತೆರೆದು ಎರಡನ್ನೂ ಆನ್ ಮಾಡಿ ಪುಟವನ್ನು ಮತ್ತೆ ತೆರೆದಾಗ ಸರಿಹೋಯಿತು. ನ್ಯೂಜೆರ್ಸಿಯ ಅಡುಗೆಮನೆ ಕಂಡಿತು. ಮೊಮ್ಮಗಳಿಗೆ ಇದು ಗೊತ್ತಾಗಬಾರದೆಂದು ಸೊಸೆ ಪಿಸುದನಿಯಲ್ಲಿ ಮಾತಾಡಿದಳು.

ಇನ್ನೊಂದು ತೊಡಕು ನಾನು ಎಣಿಸದೆ ಇದ್ದದ್ದು. ಅಕ್ಕೋರು ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ಮೊಮ್ಮಗಳಿಗೆ ಕನ್ನಡದ ಒಂದು ಹೊಸ ಪದ ಓದಿಸುತ್ತಾರೆ. ಈ ಸಲಕ್ಕೆ ಪಾಟಿಯ ಮೇಲೆ ಬಳಪದಲ್ಲಿ ದುಂಡಗೆ 'ಮಳೆಗಾಲ' ಎಂದು ಬರೆದಿದ್ದರು. ಕ್ಯಾಮೆರಾಕ್ಕೆ ಹಿಡಿದಾಗ ಪರದೆಯಲ್ಲಿ ಅಕ್ಷರಗಳೆಲ್ಲ ಹಿಂದುಮುಂದಾಗಿ ಕಂಡವು. "ಮಗು ಉಲ್ಟಾ ಕಲಿತುಬಿಟ್ಟೀತು!" ಎಂದು ಪಾಟಿ ಕೆಳಗಿಟ್ಟುಬಿಟ್ಟರು. ನಮ್ಮ ಮುಖ ನಮಗೆ ಕನ್ನಡಿಯಲ್ಲಿ ಕಂಡಂತೆಯೇ ಕಾಣಲಿ ಎಂದು ಫೋನ್ ನಮ್ಮ ಕಡೆಯ ಚಿತ್ರವನ್ನು ಮಾತ್ರ ತಿರುಗಿಸುತ್ತದೆ, ಅತ್ತ ಕಡೆಯವರಿಗೆ ಸರಿಯಾಗಿಯೇ ಕಾಣುತ್ತದೆ. ನಾನು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಸೊಸೆ ಪರದೆಯ ಚಿತ್ರ ತೆಗೆದು ನನಗೆ ಕಳಿಸಿದಾಗ, ಅದರಲ್ಲಿ ಅಕ್ಷರ ನೆಟ್ಟಗಿರುವುದನ್ನು ಕನ್ನಡಕ ಹಾಕಿ ನೋಡಿದ ಮೇಲೆಯೇ ನಂಬಿದರು.

ಭಾನುವಾರ ಮಧ್ಯಾಹ್ನದಿಂದ ಮಳೆ ಜೋರು. ನಾಲ್ಕಕ್ಕೆ ಕರೆಂಟು ಹೋಯಿತು, ಅದರೊಂದಿಗೆ ವೈಫೈಯೂ. ಹೊಸ ಸಿಮ್ಮಿನ ಡೇಟಾ ಆನ್ ಮಾಡಿ ನೋಡಿದೆವು: ನಡುಮನೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ, ಜಗಲಿಯಲ್ಲಿ ಮೂರು. ಕುರ್ಚಿಯನ್ನು ಜಗಲಿಗೆ ತಂದು, ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಐದೂವರೆಗೆ ಅಕ್ಕೋರೇ ಲಿಂಕ್ ಒತ್ತಿದರು. ಸೊಸೆ ಒಳಗೆ ಬಿಟ್ಟುಕೊಳ್ಳುವವರೆಗೆ ಪರದೆ ಸುಮ್ಮನೆ ನಿಂತಿತ್ತು, ಆ ಹೊತ್ತು ಅವರು ಸೆರಗು ಸರಿಮಾಡಿಕೊಂಡರು. ಆಮೇಲೆ "ಅಜ್ಜೀ!" ಎಂದು ಕೂಗು ಕೇಳಿತು. ನಾನು ಒಳಗೆ ಹೋದೆ.

ನಡುವೆ ಒಮ್ಮೆ ಚಿತ್ರ ನಿಂತುಹೋಯಿತು, ದನಿ ಮಾತ್ರ ಬರುತ್ತಿತ್ತು. ಕ್ಯಾಮೆರಾ ಒಂದು ನಿಮಿಷ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಸರಿಯಾಯಿತು. ಮೊಮ್ಮಗಳು ಮಳೆಗಾಲ ಎಂಬುದನ್ನು 'ಮಲೆಗಾಲ' ಎಂದು ಓದಿದಳಂತೆ. ಆ 'ಳ' ತಿದ್ದುವುದರಲ್ಲಿಯೇ ಅರ್ಧ ಹೊತ್ತು ಹೋಯಿತು.

ಗುರುವಾರದ ಕೆಲಸ ಉಳಿದಿತ್ತು. ಗಡುವು ಮುಗಿದು `Forgot PIN?` ಮೂಲಕ ಪಿನ್ ತೆಗೆಯುವುದು ಕಷ್ಟವಾಗಲಿಲ್ಲ. ಕಷ್ಟವಿದ್ದದ್ದು ಹಳೆಯ ಚಾಟುಗಳದ್ದು. ವಾಟ್ಸಾಪ್ ಬ್ಯಾಕಪ್ ಗೂಗಲ್ ಖಾತೆಗೆ ಕಟ್ಟಿಕೊಂಡಿರುತ್ತದೆ, ಅಂಗಡಿಯಲ್ಲಿ ಮಾಡಿದ ಹೊಸ ಜಿಮೇಲಿಗೆ ಹಳೆಯದರ ಬ್ಯಾಕಪ್ ಕಾಣದು. ಹಳೆ ಜಿಮೇಲನ್ನು ಹಳೆ ಫೋನಿನಲ್ಲೇ ತೆರೆದು ನೋಡಿದರೆ ಉಚಿತ 15 ಜಿಬಿ ಪೂರ್ತಿ ತುಂಬಿ, ಬ್ಯಾಕಪ್ ತಿಂಗಳುಗಳ ಹಿಂದೆಯೇ ನಿಂತುಬಿಟ್ಟಿತ್ತು. ಶುಭೋದಯದ ಚಿತ್ರಗಳು ಅಷ್ಟು ಜಾಗ ತಿಂದಿದ್ದವು.

ಅದೃಷ್ಟಕ್ಕೆ ವಾಟ್ಸಾಪ್ ಫೋನಿನೊಳಗೂ ದಿನಾ ರಾತ್ರಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಖಾತೆ ಹೊರಬಿದ್ದರೂ ಹಳೆ ಫೋನಿನಲ್ಲಿ ಅದು ಹಾಗೆಯೇ ಇತ್ತು, ಆ್ಯಪ್ ಅಳಿಸಬೇಡಿ ಎಂದು ನಾನು ಶುಕ್ರವಾರವೇ ಹೇಳಿದ್ದೆ. ಹೊಸ ಫೋನಿನ ವಾಟ್ಸಾಪ್ ತೆಗೆದುಹಾಕಿ, ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಈ ಫೋಲ್ಡರನ್ನು ಹಳೆಯದರಿಂದ ಹೊಸದಕ್ಕೆ ಇದ್ದ ಜಾಗಕ್ಕೇ ನಕಲು ಮಾಡಿದೆ:

```
Android/media/com.whatsapp/WhatsApp
```

ಆಮೇಲೆ ವಾಟ್ಸಾಪ್ ಮತ್ತೆ ಹಾಕಿ ಅದೇ ನಂಬರು ಕೊಟ್ಟೆವು. ಈ ಸಲ ಎಸ್ಸೆಮ್ಮೆಸ್ ತಕ್ಷಣ ಬಂತು. ಹೊಸ ಜಿಮೇಲಿನಲ್ಲಿ ಬ್ಯಾಕಪ್ ಯಾವುದೂ ಸಿಗದೆ ಇದ್ದುದರಿಂದ ಅದು ಫೋನಿನೊಳಗಿನ ಪ್ರತಿಯನ್ನೇ ಹುಡುಕಿಕೊಂಡಿತು. ಹಾಗಾಗಿ ಹಳೆ ಜಿಮೇಲನ್ನು ಸೇರಿಸುವ ಕೆಲಸವನ್ನು ಬೇಕೆಂದೇ ಕೊನೆಗಿಟ್ಟೆ. ಬುಧವಾರ ರಾತ್ರಿಯವರೆಗಿನ ಚಾಟುಗಳೆಲ್ಲ ಬಂದವು, ಮೊಮ್ಮಗಳ ಮೊದಲ ಹೆಜ್ಜೆಯ ವೀಡಿಯೊ ಕೂಡ.

ಹೊಸ ಪಿನ್ ಅಕ್ಕೋರೇ ಇಟ್ಟರು, ನನ್ನನ್ನು ಆಚೆ ತಿರುಗಿ ನಿಲ್ಲು ಎಂದರು. ಇಮೇಲ್ ಕೇಳಿದಾಗ `Skip` ಒತ್ತಲಿಲ್ಲ, ತಮ್ಮದೇ ಜಿಮೇಲ್ ವಿಳಾಸ ಬರೆದರು. ಮಗನದ್ದು ಕೊಡಲೇ ಎಂದು ಕೇಳಿದ್ದರು, ಬೇಡ ಅಂದೆ. ಇಂದು ಇರುವ ಆಫೀಸಿನ ಇಮೇಲ್ ನಾಳೆ ಕೆಲಸ ಬದಲಿಸಿದರೆ ಇರುವುದಿಲ್ಲ.